27 ಸೆಂ.ಮೀ. ಅಂತ ಬರೆದ ಶೂ ಎಲ್ಲ ಬಿಗಿ ಅಂತ ವಾಪಸ್ ಬರ್ತಿವೆ, ಏನು ತಪ್ಪು?

ಪ್ರಶ್ನೆ, ಕಾರವಾರದ ಅಂಗಡಿಯವರು: ಮುಚ್ಚಿದ ಶೂ ಆನ್‌ಲೈನಲ್ಲಿ ಹಾಕಿದ್ದೇನೆ. ಪೆಟ್ಟಿಗೆ ಮೇಲೆ ಬರೀ 41 ಅಂತಿದೆ. ಒಳಗಿನ ಮೆತ್ತೆ ತೆಗೆದು ಅಳೆದರೆ 27.3 ಸೆಂ.ಮೀ. ಬಂತು. ಹಾಗಾಗಿ "41 = ಯುಕೆ 7 = ಪಾದದ ಉದ್ದ 27" ಅಂತ ಬರೆದೆ. ವಾಪಸ್ ಬರುವವೆಲ್ಲ ಬಿಗಿ ಅಂತಲೇ. ಸಡಿಲ ಅಂತ ಒಂದೂ ಇಲ್ಲ.

ಶಿರಸಿಯಿಂದ: ಅಣ್ಣ, ಯುಕೆ ನಂಬರಿಗೆ 34 ಕೂಡಿಸಿದರೆ ಯುರೋಪಿನ ನಂಬರ್. 7ಕ್ಕೆ 41. ನಿಮ್ಮ ಲೆಕ್ಕ ಸರಿಯಾಗೇ ಇದೆ. ಗಿರಾಕಿಗಳೇ ಕಾಲು ತಪ್ಪು ಅಳೆದಿರಬೇಕು.

ಉತ್ತರ, ಅಂಕೋಲಾದಿಂದ (ಪಾದರಕ್ಷೆ ತಯಾರಿಕೆ): ಗಿರಾಕಿಗಳು ತಪ್ಪು ಅಳೆದಿದ್ದರೆ ಕೆಲವು ಬಿಗಿ, ಕೆಲವು ಸಡಿಲ ಬರಬೇಕಿತ್ತು. ಎಲ್ಲ ಒಂದೇ ಕಡೆ ವಾಲಿದೆ ಅಂದರೆ ತಪ್ಪು ಪಟ್ಟಿಯಲ್ಲಿದೆ. ನೀವು ಅಳೆದಿದ್ದು ಶೂವಿನ ಒಳ ಉದ್ದ, ಬರೆದಿದ್ದು ಪಾದದ ಉದ್ದ ಅಂತ. 27 ಸೆಂ.ಮೀ. ಪಾದದವರು ಅದನ್ನು ನಂಬಿ ತರಿಸಿದರೆ ಬೆರಳ ಮುಂದೆ ಉಳಿಯುವುದು 3 ಮಿ.ಮೀ. ನಡೆಯುವಾಗ ಪಾದ ಮುಂದೆ ಜಾರುತ್ತದೆ, ಹೆಬ್ಬೆರಳು ಒಳಗೆ ತಾಗುತ್ತದೆ.

ಯುರೋಪಿನ ನಂಬರಿನ ಒಂದು ಮೆಟ್ಟಿಲು ಸೆಂಟಿಮೀಟರಿನ ಮೂರನೇ ಎರಡು ಭಾಗ, ಸುಮಾರು 6.7 ಮಿ.ಮೀ. ಅದು ಹೇಳುವುದು ಶೂ ಕಟ್ಟುವ ಅಚ್ಚಿನ ಉದ್ದವನ್ನು, ಕಾಲಿನದಲ್ಲ. 41ನ್ನು 2ರಿಂದ ಗುಣಿಸಿ 3ರಿಂದ ಭಾಗಿಸಿದರೆ 27.3. ನಿಮ್ಮ ಟೇಪಿಗೂ ಅದೇ ಬಂದಿದೆ. ಮುಚ್ಚಿದ ಶೂಗೆ ನಾನು 1.5 ಸೆಂ.ಮೀ. ಕಳೆಯುತ್ತೇನೆ: 25.8. ಈ ಶೂ ಹಿಡಿಸುವ ದೊಡ್ಡ ಪಾದ ಅದು. 40 ನಂಬರಿಗೆ ಹೀಗೇ ಮಾಡಿದರೆ 25.2. ಹಾಗಾಗಿ ಪಟ್ಟಿಯಲ್ಲಿ 40ಕ್ಕೆ 24.6ರಿಂದ 25.2, 41ಕ್ಕೆ 25.3ರಿಂದ 25.8, 42ಕ್ಕೆ 25.9ರಿಂದ 26.5 ಅಂತ ಬರೆಯಿರಿ. ನಡುವೆ ಖಾಲಿಯೂ ಬೇಡ, ಒಂದೇ ಅಳತೆ ಎರಡು ಕಡೆ ಬರುವುದೂ ಬೇಡ. ಮುಂತುದಿ ಚೂಪಾದ ಶೂಗೆ 1.5 ಸಾಲದು, ತುದಿಯ ಜಾಗ ಬೆರಳಿಗೆ ಸಿಗುವುದಿಲ್ಲ. ತೆರೆದ ಚಪ್ಪಲಿಗೆ ಅರ್ಧ ಸೆಂ.ಮೀ. ಸಾಕು.

ಶಿರಸಿಯವರ 34 ಮಧ್ಯದ ಸೈಜುಗಳಲ್ಲಿ ಮಾತ್ರ ನಡೆಯುತ್ತದೆ. ಯುಕೆ ಮೆಟ್ಟಿಲು ಇಂಚಿನ ಮೂರನೇ ಒಂದು ಭಾಗ, 8.5 ಮಿ.ಮೀ. ಎರಡರ ಹೆಜ್ಜೆಯೇ ಬೇರೆ, ಕೊನೆಯವರೆಗೂ ಜತೆಗೆ ಹೋಗುವುದಿಲ್ಲ. ಲೆಕ್ಕ ಹೀಗೆ:

```
EU = 1.27 × (UK + 25)
```

7ಕ್ಕೆ 40.6, ಅಂದರೆ 41. ಆದರೆ 3ಕ್ಕೆ 35.6 ಮಾತ್ರ, 34 ಕೂಡಿಸಿ 37 ಬರೆದರೆ ಒಂದು ಸೈಜಿಗಿಂತ ಹೆಚ್ಚು ತಪ್ಪು. 10ಕ್ಕೆ 44.5. ಹೆಂಗಸರ ಸಣ್ಣ ಸೈಜಿನ ಲಿಸ್ಟಿಂಗ್ ಕೆಡುವುದು ಇಲ್ಲೇ.

ಶಿರಸಿಯಿಂದ: ಓಹೋ, ನಾನು 7, 8, 9 ಮಾತ್ರ ಮಾರುವುದು, ಅದಕ್ಕೇ ಗೊತ್ತಾಗಲಿಲ್ಲ. ತೋಟದ ಗಂಬೂಟಿಗೂ 1.5 ಸಾಕಾ?

ಅಂಕೋಲಾದಿಂದ: ಗಂಬೂಟಿನಲ್ಲಿ ದಪ್ಪ ಸಾಕ್ಸ್ ಬರುತ್ತದಲ್ಲ, 2 ಇಡಿ. ಹಿಮ್ಮಡಿ ಸಡಿಲಾದರೆ ಕೆಸರಿನಲ್ಲಿ ಬೂಟು ಕಾಲಿಂದ ಕಳಚುತ್ತದೆ. ಅದಕ್ಕಿಂತ ಹೆಚ್ಚು ಬಿಡಬೇಡಿ.

ಕುಮಟಾದಿಂದ: ಮಗನಿಗೆ 13 ನಂಬರಿನ ಶೂ ಸಾಲದೆ ಬಂತು. ಅಂಗಡಿಯವರು 1 ತೋರಿಸಿದರು. ಅಷ್ಟು ಚಿಕ್ಕದು ಯಾಕೆ ಅಂತ ಬಿಟ್ಟು ಬಂದೆ!

ಅಂಕೋಲಾದಿಂದ: ಅಕ್ಕಾ, ಅವರು ಹೇಳಿದ್ದೇ ಸರಿ. ಯುಕೆ ಲೆಕ್ಕದಲ್ಲಿ ಮಕ್ಕಳ ನಂಬರ್ 13ಕ್ಕೆ ಮುಗಿದು ಮತ್ತೆ 1ರಿಂದ ಶುರು. ಆ 1 ನಿಮ್ಮ 13ಕ್ಕಿಂತ 8.5 ಮಿ.ಮೀ. ದೊಡ್ಡದು.

ಕಾರವಾರದ ಅಂಗಡಿಯವರು: ಗಿರಾಕಿಗೆ ಅಳತೆ ಹೇಗೆ ಹೇಳಲಿ? ಅಮೆರಿಕದ ನಂಬರೂ ಹಾಕಬೇಕಾ?

ಅಂಕೋಲಾದಿಂದ: ಹಾಳೆಯ ಅಂಚನ್ನು ಗೋಡೆಗೆ ತಾಗಿಸಿ, ಹಿಮ್ಮಡಿ ಗೋಡೆಗೆ ಒತ್ತಿ, ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಲಿ. ಕುಳಿತು ಅಳೆದರೆ ಪಾದ ಗಿಡ್ಡ ಬರುತ್ತದೆ. ಅತಿ ಉದ್ದದ ಬೆರಳ ಮುಂದೆ ಪೆನ್ಸಿಲ್ ನೇರ ನಿಲ್ಲಿಸಿ ಇನ್ನೊಬ್ಬರು ಗುರುತು ಹಾಕಲಿ. ಪೆನ್ಸಿಲ್ ಒಳಕ್ಕೆ ವಾಲಿದರೆ ಕೆಲವು ಮಿ.ಮೀ. ಹೋಯಿತು, ಅಷ್ಟಕ್ಕೇ ಸೈಜು ಬದಲಾಗುತ್ತದೆ. ಎಲ್ಲರದೂ ಹೆಬ್ಬೆರಳೇ ಉದ್ದ ಇರುವುದಿಲ್ಲ. ಎರಡು ಕಾಲೂ ಅಳೆದು ದೊಡ್ಡದನ್ನು ಬರೆಯಲಿ. 25.4 ಬಂದರೆ ನಿಮ್ಮ 41.

ಅಮೆರಿಕದ್ದು ಗಂಡಸರಿಗೆ ಯುಕೆಗಿಂತ ಸುಮಾರು 1 ಹೆಚ್ಚು, ಹೆಂಗಸರಿಗೆ ಸುಮಾರು 2. ಬ್ರ್ಯಾಂಡಿಗೊಂದು ತರ ಅರ್ಧ ನಂಬರ್ ಹಿಂದೆ ಮುಂದೆ ಮಾಡುತ್ತಾರೆ. ನಾನಾದರೆ ಹಾಕುವುದಿಲ್ಲ. ಬರೀ "8" ಅಂತ ಬರೆದು ಯಾವ ದೇಶದ್ದು ಅಂತ ಬಿಟ್ಟರಂತೂ ಇನ್ನೂ ಕಷ್ಟ.

ಶಿರಸಿಯಿಂದ: ಹಾಕದಿದ್ದರೆ ವಿದೇಶದಲ್ಲಿರುವ ನಮ್ಮವರ ಆರ್ಡರ್ ಹೋಗುತ್ತದೆ ಮಾರಾಯ್ರೇ.

ಕುಮಟಾದಿಂದ: ನನ್ನ ಪಾದ ಉದ್ದಕ್ಕಿಂತ ಅಗಲ ಜಾಸ್ತಿ. ಸೆಂ.ಮೀ. ನೋಡಿ ತರಿಸಿದರೂ ಬದಿ ಒತ್ತುತ್ತದೆ.

ಅಂಕೋಲಾದಿಂದ: ಉದ್ದದ ಪಟ್ಟಿ ಅದಕ್ಕೆ ಉತ್ತರ ಕೊಡುವುದಿಲ್ಲ ಅಕ್ಕಾ. ಒಂದು ನಂಬರ್ ದೊಡ್ಡದು ತೆಗೆದುಕೊಂಡರೆ ಬದಿ ಸ್ವಲ್ಪ ಸಡಿಲಾಗಬಹುದು, ಹಿಮ್ಮಡಿ ಜಾರುತ್ತದೆ. ಕಾರವಾರದವರೇ, ಆ ಶೂವಿನ ಮುಂಭಾಗದ ಅಗಲವನ್ನೂ ಒಂದು ಸಾಲು ಬರೆಯಿರಿ.