ಪದಚರ್ಚೆ: ಚಿತ್ರದಲ್ಲಿ ‘ಪಟ್ಟೆ ಬೀಳುವುದು’, ‘ಬಣ್ಣ ಬಿಡುವುದು’ – ಎರಡೂ ಒಂದೇನಾ?

ಪ್ರಶ್ನೆ – ವಿಜಯಪುರದಿಂದ

ಎಲ್ಲರಿಗೂ ನಮಸ್ಕಾರ.

ನಮ್ಮ ಬಳಗದ ಜಾಲತಾಣಕ್ಕೆ ಚಿತ್ರ ಕಳಿಸುವವರಿಗೆ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಕರಡಿನಲ್ಲಿ ‘ಜೆಪೆಗ್ ಮಾಡಿದರೆ ಬಣ್ಣ ನಷ್ಟವಾಗುತ್ತದೆ’ ಎಂದಷ್ಟೇ ಇದೆ. ಓದಿದವರು ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಂಡರು.

ನನ್ನ ಮುಂದಿರುವ ಚಿತ್ರ ಇದು. ಗೋಳಗುಮ್ಮಟದ ಕಪ್ಪು ನೆರಳು, ಹಿಂದೆ ಮುಸ್ಸಂಜೆಯ ಬಾನು. ಬಾನಿನ ಎತ್ತರ 1200 ಪಿಕ್ಸೆಲ್. ಮೇಲೆ ಕಡುನೀಲಿ, ಕೆಳಗೆ ಬರುತ್ತಾ ತುಸು ತಿಳಿ. ಕಡತ ಚಿಕ್ಕದಾಗಲಿ ಅಂತ ಗುಣಮಟ್ಟ 50 ಇಟ್ಟು ಜೆಪೆಗ್ ಮಾಡಿದರೆ ಬಾನು ಪಟಾಪಟಿ ಚಡ್ಡಿಯಂತೆ ಕಾಣುತ್ತದೆ. ಇದಕ್ಕೆ ‘ಪಟ್ಟಿ ಬೀಳುವುದು’ ಅನ್ನಲೇ, ‘ಬಣ್ಣ ಬಿಡುವುದು’ ಅನ್ನಲೇ? ಹಾಗೇ ಬಣ್ಣ ಮೆಲ್ಲಗೆ ಬದಲಾಗುತ್ತಾ ಹೋಗುವ ಗ್ರೇಡಿಯೆಂಟ್‌ಗೆ ‘ಇಳಿಬಣ್ಣ’ ಎಂದರೆ ನಡೆಯುತ್ತದಾ?

ಉತ್ತರ – ಇಳಕಲ್‌ನಿಂದ

ಅಕ್ಕಾರೆ, ನಮ್ಮಲ್ಲಿ ‘ಬಣ್ಣ ಬಿಡುವುದು’ ಅಂದರೆ ಸೀರೆಯ ಕೆಂಪು ನೀರಿಗಿಳಿದು ಪಕ್ಕದ ಬಟ್ಟೆಗೆ ಹತ್ತುವುದು. ಆದರೆ ನನ್ನ ಚಿತ್ರಗಳದ್ದು ಅದೂ ಅಲ್ಲ. ಇಳಕಲ್ ಸೀರೆಯ ಫೋಟೋಗಳನ್ನು ವೆಬ್‌ಪಿ ಮಾಡಿ ಹಾಕಿದೆ, ಟೋಪಿ ಸೆರಗಿನ ಕೆಂಪು ಮಂಕಾಯಿತು. ಗಿರಾಕಿ ‘ಇದು ಹಳೇ ಸೀರೆನಾ?’ ಅಂತ ಕೇಳುತ್ತಾರೆ. ಗುಣಮಟ್ಟ 95 ಇಟ್ಟರೂ ಅಷ್ಟೇ. ಇದಕ್ಕೇ ‘ಬಣ್ಣ ನಷ್ಟ’ ಅನ್ನುವುದು ಸರಿ ಅಲ್ವಾ?

ಉತ್ತರ – ಬಾಗಲಕೋಟೆಯಿಂದ

ಪಟ್ಟಿ ಬೇಡ ಅಕ್ಕಾ. ಪಟ್ಟಿ ಎಂದರೆ ಹೆಸರುಗಳ ಪಟ್ಟಿಯೂ ಹೌದು, ಜಾತ್ರೆಗೆ ಎತ್ತುವ ಪಟ್ಟಿಯೂ ಹೌದು. ‘ಪಟ್ಟೆ’ ಎನ್ನಿ, ಗೊಂದಲವಿಲ್ಲ.

ಪಟ್ಟೆ ಹೋಗಲಾಡಿಸುವುದು ಸುಲಭ. ಬಾನಿಗೆ ಸಣ್ಣಗೆ ನಾಯ್ಸ್, ಅಂದರೆ ಅಡ್ಡಾದಿಡ್ಡಿ ಚುಕ್ಕೆ ಉದುರಿಸಿ, ಪಟ್ಟೆಯ ಅಂಚು ಒಡೆಯುತ್ತದೆ. ಇಲ್ಲಾಂದ್ರೆ ಸುಮ್ನೆ ವೆಬ್‌ಪಿಗೆ ಹೋಗಿ. ಅದು ಹೊಸದು, ಜೆಪೆಗ್‌ಗಿಂತ ಎಲ್ಲದರಲ್ಲೂ ಮೇಲು.

ಉತ್ತರ – ಬೆಳಗಾವಿಯಿಂದ

ಅಚ್ಚು ಮತ್ತು ಜಾಲತಾಣ ಎರಡಕ್ಕೂ ಚಿತ್ರ ಸಿದ್ಧಪಡಿಸುವುದು ನನ್ನ ಕೆಲಸ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಇಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಒಂದೊಂದಕ್ಕೂ ಮದ್ದು ಬೇರೆ, ಹಾಗಾಗಿ ಹೆಸರೂ ಬೇರೆ ಇರಬೇಕು.

ಮೊದಲು ಗುಮ್ಮಟದ ಬಾನು. ಮೇಲೆ ಬೆಳಕಿನ ಮಟ್ಟ 20, ಕೆಳಗೆ 50 ಎಂದುಕೊಳ್ಳೋಣ. 8 ಬಿಟ್ ಚಿತ್ರದಲ್ಲಿ ನಡುವೆ ಸಿಗುವುದು 30 ಹೆಜ್ಜೆ ಮಾತ್ರ. 1200 ಪಿಕ್ಸೆಲ್‌ನಲ್ಲಿ ಹಂಚಿದರೆ ಒಂದು ಹೆಜ್ಜೆ 40 ಪಿಕ್ಸೆಲ್ ಅಗಲ. ಅಂದರೆ ಮೂಲ ಪಿಎನ್‌ಜಿಯಲ್ಲೇ ತೆಳುವಾದ ಪಟ್ಟೆ ಇದೆ, ಕಣ್ಣಿಗೆ ಅಷ್ಟಾಗಿ ಹೊಡೆಯುವುದಿಲ್ಲ, ಅಷ್ಟೇ.

ಜೆಪೆಗ್ ಚಿತ್ರವನ್ನು 8×8ರ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ ಸರಾಸರಿ ಬೆಳಕನ್ನೂ ಒಳಗಿನ ಏರಿಳಿತವನ್ನೂ ಬೇರೆ ಬೇರೆ ಬರೆದುಕೊಂಡು, ಎರಡೂ ಸಂಖ್ಯೆಗಳನ್ನು ಹತ್ತಿರದ ಹೆಜ್ಜೆಗೆ ಒರಟಾಗಿ ದುಂಡಾಗಿಸುತ್ತದೆ. ಎಷ್ಟು ದುಂಡಾಗಿಸಬೇಕೆಂದು ಹೇಳುವ, ಸಾಮಾನ್ಯವಾಗಿ ಬಳಕೆಯಲ್ಲಿರುವ ಕೋಷ್ಟಕದಲ್ಲಿ ಗುಣಮಟ್ಟ 50 ಇಟ್ಟರೆ ಚೌಕದ ಸರಾಸರಿ ಬೆಳಕು 2 ಮಟ್ಟಕ್ಕೊಮ್ಮೆ ಜಿಗಿಯುತ್ತದೆ. 30 ಹೆಜ್ಜೆ 15 ಆಯಿತು, ಪಟ್ಟೆಯ ಅಗಲ 80 ಪಿಕ್ಸೆಲ್ ಆಯಿತು, ಜಿಗಿತವೂ ಇಮ್ಮಡಿ. ಇಷ್ಟು ನಿಧಾನದ ಇಳಿತದಲ್ಲಿ ಚೌಕದೊಳಗಿನ ಏರಿಳಿತ ತೀರಾ ಚಿಕ್ಕದು, ಅದು ದುಂಡಾಗಿ ಸೊನ್ನೆಯಾಗುತ್ತದೆ. ಚೌಕ ಸಪಾಟಾಗುತ್ತದೆ. ಅಕ್ಕಾ, ನಿಮಗೆ ಕಂಡ ಪಟಾಪಟಿ ಇದೇ.

ತಪ್ಪು ಯಾರದೆಂದು ತಿಳಿಯಲು ಬಣ್ಣ ಹೆಕ್ಕುವ ಉಪಕರಣ ತೆಗೆದುಕೊಂಡು ಅಕ್ಕಪಕ್ಕದ ಎರಡು ಪಟ್ಟೆ ಮುಟ್ಟಿ ನೋಡಿ. ವ್ಯತ್ಯಾಸ 1 ಇದ್ದರೆ ಅದು 8 ಬಿಟ್ಟಿನ ಮಿತಿ. 2 ಅಥವಾ ಜಾಸ್ತಿ ಇದ್ದರೆ ಉಳಿಸುವಾಗ ಆದದ್ದು. ಸಂಖ್ಯೆ ಸರಿಯಿದ್ದೂ ಪಟ್ಟೆ ಎದ್ದು ಕಂಡರೆ ಪರದೆಯ ಮೇಲೆ ಅನುಮಾನ ಪಡಬೇಕು. ಅಗ್ಗದ ಲ್ಯಾಪ್‌ಟಾಪ್ ಪರದೆ ಕೆಲವು 6 ಬಿಟ್ಟಿನವು.

ಬಾಗಲಕೋಟೆಯ ಅಣ್ಣಾರೆ, ನಾಯ್ಸ್ ಮಾತು ಅರ್ಧ ಸರಿ. ಒಂದೆರಡು ಮಟ್ಟದ ಸಣ್ಣ ನಾಯ್ಸ್ ಪಿಎನ್‌ಜಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಜೆಪೆಗ್ ಮೊದಲು ಗುಡಿಸಿ ಹಾಕುವುದೇ ಅಂಥ ಸೂಕ್ಷ್ಮ ಏರಿಳಿತವನ್ನು. ಗುಣಮಟ್ಟ 90ರಲ್ಲೂ ಅದು ಬಹುಪಾಲು ಉಳಿಯುವುದಿಲ್ಲ. ಉಳಿಯಬೇಕೆಂದರೆ ಕಣ್ಣಿಗೆ ಕಾಣುವಷ್ಟು ಒರಟು ಕಾಳು ಹಾಕಬೇಕು, ಆಗ ಚಿತ್ರದ ನುಣುಪೇ ಹೋಯಿತು.

ವೆಬ್‌ಪಿ ‘ಎಲ್ಲದರಲ್ಲೂ ಮೇಲು’ ಅನ್ನುವುದನ್ನು ಒಪ್ಪಲಾರೆ. ನಷ್ಟವಿರುವ ವೆಬ್‌ಪಿ ವಿಡಿಯೊ ತಂತ್ರದಿಂದ ಬಂದದ್ದು. 0ರಿಂದ 255ರ ಬೆಳಕನ್ನು 16ರಿಂದ 235ರೊಳಗೆ ಒತ್ತುತ್ತದೆ. ನಿಮ್ಮ 30 ಹೆಜ್ಜೆ ಅಲ್ಲೇ ಸುಮಾರು 26ಕ್ಕೆ ಇಳಿಯುತ್ತದೆ, ದುಂಡಾಗಿಸುವುದು ಅದರ ಮೇಲೆ. ನುಣುಪಾದ ಕಡುಬಣ್ಣದ ಬಾನಿಗೆ ಒಳ್ಳೆಯ ಜೆಪೆಗ್‌ಗಿಂತ ಕೆಟ್ಟದಾಗಿ ಕಂಡರೂ ಅಚ್ಚರಿಯಿಲ್ಲ. ನಷ್ಟವಿಲ್ಲದ ವೆಬ್‌ಪಿಗೆ ಈ ರೋಗವಿಲ್ಲ, ಚಿತ್ರವನ್ನು ವೆಬ್‌ಪಿ ಮಾಡುವ `cwebp` ಉಪಕರಣಕ್ಕೆ ಹೀಗೆ ಹೇಳಿ:

```
cwebp -lossless gummata.png -o gummata.webp
```

ಇಂಥ ಸಪಾಟು ಬಣ್ಣದ ಚಿತ್ರಕ್ಕೆ ಕಡತವೂ ಸಣ್ಣದಾಗೇ ಬರುತ್ತದೆ. ನಾಯ್ಸ್ ಉದುರಿಸಿದ್ದರೆ ಮಾತ್ರ ಉಬ್ಬುತ್ತದೆ. ನಾನಾದರೆ ಬಾನನ್ನು ಚಿತ್ರದಲ್ಲೇ ಇಡುವುದಿಲ್ಲ. ಗುಮ್ಮಟವನ್ನು ಪಾರದರ್ಶಕ ಹಿನ್ನೆಲೆಯಲ್ಲಿ ಕತ್ತರಿಸಿ, ಬಾನನ್ನು ಪುಟಕ್ಕೇ ಬಿಡಿಸಲು ಹೇಳುತ್ತೇನೆ:

```
background: linear-gradient(#141428, #323246);
```

ಇದೇ 20ರಿಂದ 50ರ ಇಳಿತ, ನೀಲಿ ಮಾತ್ರ 40ರಿಂದ 70. 1 ಮಟ್ಟದ ಹೆಜ್ಜೆ ಇಲ್ಲೂ ಉಳಿಯಬಹುದು, ಅದಕ್ಕಿಂತ ದೊಡ್ಡದಾಗುವುದಿಲ್ಲ.

ಇಳಕಲ್ ಅಣ್ಣಾರೆ, ನಿಮ್ಮದು ಬೇರೆ ಕಥೆ. ಗುಣಮಟ್ಟ ಏರಿಸಿದರೂ ಮಂಕು ಹೋಗದಿದ್ದರೆ ಬಹುಶಃ ಕಡತದ ಬಣ್ಣದ ಸಂಖ್ಯೆಗಳನ್ನು ಹೇಗೆ ಓದಬೇಕೆಂದು ಹೇಳುವ ಪ್ರೊಫೈಲ್ ಕಳಚಿಹೋಗಿದೆ. ಕ್ಯಾಮೆರಾ ಅಡೋಬಿ ಆರ್‌ಜಿಬಿಯಲ್ಲಿ ತೆಗೆದಿದ್ದರೆ, ಪ್ರೊಫೈಲ್ ಇಲ್ಲದ ಕಡತವನ್ನು ಬ್ರೌಸರ್ ಎಸ್‌ಆರ್‌ಜಿಬಿ ಎಂದೇ ಓದುತ್ತದೆ, ಕೆಂಪು ಸಪ್ಪೆಯಾಗುತ್ತದೆ. `cwebp` ತಾನಾಗಿ ಪ್ರೊಫೈಲ್ ಉಳಿಸಿಕೊಳ್ಳುವುದಿಲ್ಲ, ನಾವೇ ಹೇಳಬೇಕು:

```
cwebp -q 85 -metadata icc -sharp_yuv seere.jpg -o seere.webp
```

ಕಳಿಸುವ ಮೊದಲೇ ಎಸ್‌ಆರ್‌ಜಿಬಿಗೆ ಬದಲಿಸಿದರೆ ಇನ್ನೂ ನಿಶ್ಚಿಂತೆ. ಕೊನೆಯ `-sharp_yuv` ಮೂರನೆಯ ತೊಂದರೆಗೆ. ನಷ್ಟವಿರುವ ವೆಬ್‌ಪಿ ಬಣ್ಣವನ್ನು ಯಾವಾಗಲೂ ಅಡ್ಡಕ್ಕೂ ಉದ್ದಕ್ಕೂ ಅರ್ಧ ಅಳತೆಯಲ್ಲೇ ಇಡುತ್ತದೆ, ಬೆಳಕು ಮಾತ್ರ ಪೂರ್ತಿ. ಕಪ್ಪು ಒಡಲಿಗೆ ಕೆಂಪು ದಡಿ ತಾಗುವ ಅಂಚಿನಲ್ಲಿ ಕೆಂಪು ಆಚೆ ಸೋರಿದಂತೆ ಕಾಣುವುದು ಅದಕ್ಕೇ. ಈ ಆಯ್ಕೆ ಅದನ್ನು ತಗ್ಗಿಸುತ್ತದೆ, ಪೂರ್ತಿ ತೆಗೆಯುವುದಿಲ್ಲ. ಜೆಪೆಗ್‌ನಲ್ಲಾದರೆ 4:4:4 ಆರಿಸಿದರೆ ಬಣ್ಣವೂ ಪೂರ್ತಿ ಅಳತೆಯಲ್ಲಿ ಉಳಿಯುತ್ತದೆ. ‘ಬಣ್ಣ ಬಿಡುವುದು’ ಎಂಬ ಮಾತನ್ನು ಈ ಸೋರಿಕೆಗೇ ಮೀಸಲಿಡಿ. ಬಾನಿನದ್ದು ‘ಪಟ್ಟೆ ಬೀಳುವುದು’. ಪ್ರೊಫೈಲ್ ಹೋದದ್ದು ‘ಮಂಕಾಗುವುದು’.

ಉತ್ತರ – ಬಾಗಲಕೋಟೆಯಿಂದ

ನಾಯ್ಸ್ ವಿಷಯ ಒಪ್ಪಿದೆ ಸರ್. ಆದರೆ ಈಗ ಎವಿಫ್ ಬಗೆಯ ಚಿತ್ರಕಡತ ಇದೆಯಲ್ಲ, 10 ಬಿಟ್‌ನಲ್ಲೂ ಉಳಿಸಬಹುದು. ಅದರಲ್ಲಿ ಪಟ್ಟೆಯೇ ಬೀಳುವುದಿಲ್ಲ ಅಂತಾರೆ.

ಉತ್ತರ – ಬೆಳಗಾವಿಯಿಂದ

ಮೂಲ 16 ಬಿಟ್ ಇದ್ದು, ಅಲ್ಲಿಂದಲೇ 10 ಬಿಟ್ ಮಾಡಿದರೆ ನಿಜಕ್ಕೂ ಲಾಭ. 8 ಬಿಟ್ ಪಿಎನ್‌ಜಿಯಿಂದ ಮಾಡಿದರೆ ಇಲ್ಲದ ಹೆಜ್ಜೆಗಳು ಹುಟ್ಟುವುದಿಲ್ಲ. ಒಳಗಿನ ಲೆಕ್ಕದಲ್ಲಿ ದುಂಡಾಗುವುದು ಕಡಿಮೆಯಾಗುತ್ತದೆ, ಅಷ್ಟೇ. ಹಳೆಯ ಫೋನುಗಳಿಗೆ ಜೊತೆಗೊಂದು ಜೆಪೆಗ್ ಇಡಲೇಬೇಕು.

ಪ್ರಶ್ನೆ ಕೇಳಿದವರಿಂದ

ಧನ್ಯವಾದ. ಪಟ್ಟೆ 1 ಮಟ್ಟದ್ದಾ 2ರದ್ದಾ ಎಂದು ನೋಡಿದೆ, 2ರದ್ದೇ. ಮೂರೂ ಮಾತನ್ನು ಸೂಚನೆಗೆ ಸೇರಿಸುತ್ತೇನೆ. ‘ಇಳಿಬಣ್ಣ’ದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಬಣ್ಣ ಇಳಿದುಹೋಯಿತು ಎಂದೇ ಓದುವವರು ಅಂದುಕೊಂಡರೆ ಎಂಬ ಭಯ ನನಗಿದೆ. ಬೇರೆ ಮಾತು ಸಿಗುವವರೆಗೆ ಗ್ರೇಡಿಯೆಂಟ್ ಎಂದೇ ಬರೆಯುತ್ತೇನೆ.

ಉತ್ತರ – ಇಳಕಲ್‌ನಿಂದ

ಸರ್, ಪ್ರೊಫೈಲ್ ಉಳಿಸಿದ ಮೇಲೆ ಕಂಪ್ಯೂಟರಿನಲ್ಲಿ ಕೆಂಪು ಸರಿ ಬಂತು. ಗಿರಾಕಿಗೆ ಮೆಸೇಜಿನಲ್ಲಿ ಅದೇ ಫೋಟೋ ಕಳಿಸಿದರೆ ಮತ್ತೆ ಬೇರೆ ಕಾಣುತ್ತದೆ. ಅಲ್ಲಿ ಮತ್ತೊಮ್ಮೆ ಜೆಪೆಗ್ ಆಗುತ್ತದೆ ಅನಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದಾ?