ಟೇಪರೂ ಬೈಟೂ

ಸೀನ ಬಂದವನೇ ಮೊಬೈಲನ್ನು ನಮ್ಮ ಮೂಗಿಗೆ ಹಿಡಿದ. ಪೀಣ್ಯದ ಅದೇ ದರ್ಶಿನಿ, ಅದೇ ಕಟ್ಟೆ.

"5.724810 ಡಿಗ್ರಿ! ಹೊಸ ಆ್ಯಪು ಕಣ್ರೋ."

"ಅದೇನು, ಲಾಟರಿ ನಂಬರಾ?" ಅಂದ ಮೂರ್ತಿ.

"ನಿನ್ನ ಡ್ರಾಯಿಂಗೇ ಮಾರಾಯ. ದಪ್ಪ ತುದಿ 30 ಮಿಮೀ, ಉದ್ದ 40, ಟೇಪರ್ 1:10. ಆ್ಯಪು ಕೊಟ್ಟ ಕೋನಕ್ಕೇ ಕಾಂಪೌಂಡ್ ಸ್ಲೈಡ್ ತಿರುಗಿಸಿದೆ. ಸಣ್ಣ ತುದಿ 22 ಬಂತು. ಇನ್‌ಸ್ಪೆಕ್ಷನ್ನಿನವರು 26 ಕೇಳ್ತಾರೆ."

ಈ ಆ್ಯಪುಗಳ ಮೇಲೆ ನನಗೆ ಹಳೇ ಸಿಟ್ಟು. ನಮ್ಮ ಲೇತಿನ ಸ್ಲೈಡಿನ ಬುಡದಲ್ಲಿರುವುದು ಒಂದೊಂದು ಡಿಗ್ರಿಗೆ ಒಂದು ಗೀಟು, ಅದೂ ಎಣ್ಣೆ ಮೆತ್ತಿಕೊಂಡು ಅರ್ಧ ಕಾಣುವುದಿಲ್ಲ. ಅಲ್ಲಿ ಆರು ದಶಾಂಶ ಎಲ್ಲಿ ಕೂರಿಸುತ್ತಾನಂತೆ?

"ಸೀನ, ಕಾಫಿ ಏನು ಹೇಳಿದೆ?"

"ಮೂರ್ತಿಗೆ ಫುಲ್. ನಮಗೆ ಬೈಟೂ."

"ನಿನ್ನ ಲೋಟಕ್ಕೆ ಎಷ್ಟು ಬರುತ್ತೆ?"

"ಅರ್ಧ."

"ಟೇಪರೂ ಬೈಟೂನೇ ಕಣೋ. 1:10 ಅಂದ್ರೆ 10 ಮಿಮೀ ಉದ್ದಕ್ಕೆ ಡಯಾ 1 ಮಿಮೀ ಇಳಿಯಬೇಕು. 40ಕ್ಕೆ 4. ಮೂವತ್ತರಲ್ಲಿ ನಾಲ್ಕು ಹೋದರೆ 26. ಇಷ್ಟಕ್ಕೆ ಕೋನವೇ ಬೇಡ. ಆ 4 ಮಿಮೀನ ಎರಡು ಪಕ್ಕ ಹಂಚಿಕೊಳ್ಳುತ್ತೆ, ಪಕ್ಕಕ್ಕೆ 2. ಅಂದ್ರೆ ಒಂದು ಪಕ್ಕದ ಇಳಿಜಾರು 1:20. ಟ್ಯಾನ್ ಇನ್ವರ್ಸ್ ಒತ್ತಿದರೆ 2.86 ಡಿಗ್ರಿ. ಸ್ಲೈಡ್ ತಿರುಗಿಸಬೇಕಾದ್ದು ಅಷ್ಟೇ. ನಿನ್ನ ಆ್ಯಪು ಕೊಟ್ಟಿದ್ದು ಈ ಪಕ್ಕದಿಂದ ಆ ಪಕ್ಕಕ್ಕೆ ಪೂರ್ತಿ ಕೋನ. ನೀನು ಅದನ್ನ ಒಂದೇ ಪಕ್ಕಕ್ಕೆ ಕೊಟ್ಟೆ. ಎರಡು ಲೋಟಕ್ಕೂ ಫುಲ್ ಕಾಫಿ ಸುರಿದ ಹಾಗಾಯ್ತು. ನಾಲ್ಕು ಹೋಗೋ ಕಡೆ ಎಂಟು ಹೋಯ್ತು."

"ಹಾಗಾದ್ರೆ ಆ್ಯಪು ಸುಳ್ಳಾ?"

"ಆ್ಯಪು ಸರಿಯಾಗೇ ಹೇಳ್ತು. ನೀನು ಕೇಳಿದ್ದೇ ಬೇರೆ."

ಮೂರ್ತಿ ಮೀಸೆಯಲ್ಲೇ ನಗುತ್ತಿದ್ದ. ಅವನನ್ನೂ ಬಿಡಲಿಲ್ಲ. "ನೀನೇನು ನಗ್ತೀಯ? 1:10 ಅಂತ ಬರೆದು ಪಕ್ಕದಲ್ಲಿ ಗುರುತು ಹಾಕಿದ್ಯಾ? ಟೇಪರಿಗೆ ಎರಡೂ ಪಕ್ಕ ಇಳಿಜಾರಿರೋ ತ್ರಿಕೋನ, ಬರೀ ಇಳಿಜಾರಿಗೆ ಒಂದೇ ಪಕ್ಕ ಇಳಿದ ತ್ರಿಕೋನ. ಅದಿಲ್ಲದಿದ್ದರೆ ಒಂದು ಪಕ್ಕಕ್ಕೇ 1:10 ಅಂದ್ಕೊಂಡು ಇನ್ಯಾರೋ 5.71ಕ್ಕೆ ತಿರುಗಿಸ್ತಾರೆ. ಅವರಿಗೂ 22 ಬರುತ್ತೆ. ತಪ್ಪು ಎರಡು, ಗುಜರಿ ಬುಟ್ಟಿ ಒಂದೇ."

ಮೂರ್ತಿ ಮಾತು ತಿರುಗಿಸಿದ. "ಅದು ಬಿಡು, ನಮ್ಮಲ್ಲೊಂದು ಹಳೇ ಡ್ರಾಯಿಂಗ್ ಇದೆ, ಅಡಿಗೆ ಮುಕ್ಕಾಲು ಇಂಚು ಟೇಪರ್. ಅದನ್ನ ಮಿಲಿಮೀಟರಿಗೆ ತರೋಕೆ ಬೆಳಗಿಂದ 25.4ರಿಂದ ಗುಣಿಸ್ತಾ ಇದೀನಿ."

"ಯಾಕೆ ಸುಮ್ನೆ? ಅಡಿಗೆ ಹನ್ನೆರಡು ಇಂಚು. ಮುಕ್ಕಾಲನ್ನ ಹನ್ನೆರಡರಿಂದ ಭಾಗಿಸು, 1:16. ಅದು ಅನುಪಾತ ಮಾರಾಯ, ಅದಕ್ಕೆ ಇಂಚೂ ಇಲ್ಲ, ಮಿಲಿಮೀಟರೂ ಇಲ್ಲ. 32 ಮಿಮೀ ಉದ್ದಕ್ಕೆ ಡಯಾ 2 ಮಿಮೀ ಇಳಿಯುತ್ತೆ. ಪೈಪ್ ಥ್ರೆಡ್ಡಿನ ಟೇಪರ್ ಇದೇ ತಾನೇ? ಕೋನ ಬೇಕಾದ್ರೆ ಮತ್ತೆ ಬೈಟೂ. 1:32, ಅಂದ್ರೆ ಪಕ್ಕಕ್ಕೆ 1.79 ಡಿಗ್ರಿ, ಪೂರ್ತಿ 3.58."

"ಆ 1.79ನ ಗೀಟಿನ ಮೇಲೆ ಹೇಗೆ ಕೂರಿಸ್ತೀಯ? ಈಗ ತಾನೇ ನನ್ನ ಬೈದೆ," ಸೀನ ಸಮಯ ನೋಡಿ ಹೊಡೆದ.

"ಗೀಟು ಎರಡರ ಹತ್ತಿರ ತರೋಕೆ ಮಾತ್ರ. ಆಮೇಲೆ ಡಯಲ್."

ಇದು ನಮ್ಮ ಮೇಸ್ತ್ರಿ ಕಲಿಸಿದ್ದು. ಎರಡು ಸೆಂಟರುಗಳ ನಡುವೆ ನೇರವಾದ ಟೆಸ್ಟ್ ಬಾರ್ ಕೂರಿಸಿ, ಟೂಲ್ ಪೋಸ್ಟಿಗೆ ಡಯಲ್ ಕಟ್ಟಿ, ಅದರ ಮುಳ್ಳನ್ನು ಸೆಂಟರ್ ಎತ್ತರಕ್ಕೆ ಬಾರಿಗೆ ಮುಟ್ಟಿಸಿ, ಹಿಡಿಯ ಸಡಿಲು ಒಂದೇ ಕಡೆಗೆ ತೆಗೆದು, ಕಾಂಪೌಂಡ್ ಸ್ಲೈಡನ್ನು 20 ಮಿಮೀ ಓಡಿಸುತ್ತಿದ್ದರು. 1:10ಕ್ಕೆ ಡಯಲ್ 1 ಮಿಮೀ ತೋರಿಸಬೇಕು. ಜಾಸ್ತಿ ತೋರಿಸಿದರೆ ಸ್ಲೈಡಿನ ಬುಡಕ್ಕೆ ಮೆಲ್ಲಗೆ ಒಂದು ತಟ್ಟು, ಮತ್ತೆ ಓಡಿಸು. ಮೂರು ತಟ್ಟಿಗೆ ಮುಗೀತು. ಡಿಗ್ರಿ ಎಷ್ಟು ಅಂತ ಅವರು ಒಂದು ದಿನವೂ ಕೇಳಿದ್ದಿಲ್ಲ. ಲೆಕ್ಕಕ್ಕೆ ನೂಲಿನೆಳೆಯಷ್ಟು ತಪ್ಪಿದೆ ಅಂತ ನಾನೊಮ್ಮೆ ಅಂದೆ, ಸ್ಲೈಡು ಓರೆಯಲ್ಲಿ ಓಡುವುದರಿಂದ ಬರಬೇಕಾದ್ದು 0.999 ಅಂತ. "ಆ ಒಂದು ಮೈಕ್ರಾನ್ ನೀನೇ ಇಟ್ಕೋ" ಅಂದರು.

ಅವರ ಜೊತೆ ಹದಿನಾಲ್ಕು ವರ್ಷ ಬೈಟೂ ಕುಡಿದೆ. ಜಾಬಿನಲ್ಲಿ ಕೂದಲೆಳೆ ಬಿಡದ ಮನುಷ್ಯ, ಕಾಫಿ ಹಂಚುವಾಗ ಮಾತ್ರ ಒಂದು ದಿನವೂ ಸಮ ಹಾಕಿದವರಲ್ಲ. ನನ್ನ ಲೋಟ ಯಾವಾಗಲೂ ಒಂದು ಗೀಟು ಮೇಲೆ. ಕೇಳಿದರೆ "ಟಾಲರೆನ್ಸ್ ಕಣೋ" ಅನ್ನುತ್ತಿದ್ದರು. ಅವರು ಹೋದ ಮೇಲೆ ಒಂದಷ್ಟು ತಿಂಗಳು ನಾನು ಫುಲ್ಲೇ ಹೇಳುತ್ತಿದ್ದೆ. ಅರ್ಧ ಆರಿಹೋಗುತ್ತಿತ್ತು.

ಕಾಫಿ ಬಂತು. ನಾನೇ ಎರಡು ಲೋಟಕ್ಕೆ ಬಗ್ಗಿಸಿದೆ. ಸೀನ ತನ್ನ ಲೋಟವನ್ನು ನನ್ನದರ ಪಕ್ಕ ಇಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ.

"ಏ, ನಂದೇ ಜಾಸ್ತಿ ಇದೆಯಲ್ಲೋ."

"ಕುಡಿಯೋ, ಆರುತ್ತೆ," ಅಂದೆ.