ಸ್ಪಂಜಿನಿಂದ ಮನುಷ್ಯನವರೆಗೆ: ಪರೀಕ್ಷೆಗೆ ಮುಂಚೆ ಬಾಯಿಗೆ ಬರೋ ಪದ್ಯ ಇದೆಯಾ?

ಹಾಸನದ ಅಮ್ಮ: ಮಗಳಿಗೆ ಸೋಮವಾರ ಜೀವಶಾಸ್ತ್ರದ ಟೆಸ್ಟ್. ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಪ್ರಾಣಿಗಳ ವಂಶಗಳನ್ನು ಓದುತ್ತಾಳೆ, ಮರುದಿನ ಕೇಳಿದರೆ ಎಲ್ಲಾ ಹಿಂದೆ ಮುಂದೆ. ಪ್ರಾಸ ಇರೋ ಪದ್ಯ ಯಾರಾದರೂ ಕಟ್ಟಿದ್ದರೆ ಹೇಳಿ, ನಿಮ್ಮ ಮಕ್ಕಳಿಗೆ ಕೆಲಸಕ್ಕೆ ಬಂತಾ ಅದನ್ನೂ ಹೇಳಿ.

ಧಾರವಾಡದ ದೊಡ್ಡಪ್ಪ: ಇದಕ್ಕೆ ಪದ್ಯ ಯಾಕೆ ಬೇಕು ತಂಗಿ, ಏಳೇ ಏಳು ಪದ. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ. ದಿನಾ ಬೆಳಿಗ್ಗೆ ಮಗ್ಗಿ ಹೇಳಿದ ಹಾಗೆ ಹೇಳಿಸಿ, ಬರುತ್ತದೆ. ನಮ್ಮ ಮೊಮ್ಮಗ ಹಾಗೇ ಕಲಿತ.

ಹಾಸನದ ಅಮ್ಮ: ಅದು ಅವಳಿಗೆ ಬರುತ್ತದೆ ದೊಡ್ಡಪ್ಪ. ಬರದೇ ಇರೋದು ಎರಡನೇ ಮೆಟ್ಟಿಲಿನ ಒಳಗಿರೋದು. ಯಾವ ಯಾವ ವಂಶ, ಯಾವ ಸಾಲಿನಲ್ಲಿ, ಯಾವ ಪ್ರಾಣಿ ಎಲ್ಲಿ ಅನ್ನೋದು.

ಕೋಚಿಂಗ್ ಹುಡುಗ: ಪದ್ಯ ಕಟ್ಟೋದಕ್ಕಿಂತ ಮೊದಲ ಅಕ್ಷರ ಹಿಡಿಯೋದು ಸುಲಭ ಆಂಟಿ. ಪೊರಿಫೆರಾ, ಸೀಲೆಂಟರೇಟಾ, ಪ್ಲಾಟಿಹೆಲ್ಮಿಂಥಿಸ್, ನೆಮಟೋಡಾ, ಅನೆಲಿಡಾ, ಆರ್ಥ್ರೊಪೊಡಾ, ಮೊಲಸ್ಕಾ, ಎಕೈನೊಡರ್ಮೇಟಾ, ಕಾರ್ಡೇಟಾ. ಪೊ-ಸೀ-ಪ್ಲಾ-ನೆ-ಅ-ಆ-ಮೊ-ಎ-ಕಾ ಅಷ್ಟೇ. ನಮ್ಮ ಬ್ಯಾಚಿನಲ್ಲಿ ಎಲ್ಲರೂ ಇದನ್ನೇ ಹೇಳುತ್ತಿದ್ದೆವು. ಇದು ವಿಕಾಸದ ಕ್ರಮವೂ ಹೌದು, ಸ್ಪಂಜಿನಿಂದ ಲೋಳೆ ಮೀನು ಬಂತು, ಅದರಿಂದ ಹುಳು ಬಂತು, ಹಾಗೆ ನೆನಪಿಟ್ಟುಕೊಂಡರೆ ಕ್ರಮ ತಪ್ಪಲ್ಲ.

ವಿಜ್ಞಾನದ ಟೀಚರ್: ಹೈಸ್ಕೂಲಿನಲ್ಲಿ ಈ ಪಾಠ ಮಾಡುವವಳು ನಾನು. ಮೊದಲ ಅಕ್ಷರದ ದಾರಿಯಲ್ಲಿ ಮಕ್ಕಳು ಎಡವೋದು ಸರಿಯಾಗಿ ಒಂದೇ ಕಡೆ, ಆ ‘ಅ-ಆ’ ಜಾಗದಲ್ಲಿ. ಯಾವುದು ಮೊದಲು ಅಂತ ಗೊತ್ತಾಗಲ್ಲ. ಕೆಲವು ಪುಸ್ತಕಗಳಲ್ಲಿ ನೆಮಟೋಡಾ ಬದಲು ಆಸ್ಕೆಲ್ಮಿಂಥಿಸ್ ಅಂತ ಇರುತ್ತದೆ, ಆಗ ಮೂರು ‘ಅ’ ಸಾಲಾಗಿ ನಿಲ್ಲುತ್ತವೆ. ಮುಖ್ಯ ತೊಂದರೆ ಬೇರೆ. ‘ಪ್ಲಾ’ ಅಂತ ನೆನಪಾದರೆ ಪ್ರಾಣಿ ನೆನಪಾಗುವುದಿಲ್ಲ, ಅದರ ಗುರುತೂ ನೆನಪಾಗುವುದಿಲ್ಲ. ಟೆಸ್ಟಿನಲ್ಲಿ ಪಟ್ಟಿ ಬರೆಯಿರಿ ಅಂತ ಕೇಳೋದು ಕಡಿಮೆ, ಜಿಗಣೆ ಯಾವ ವಂಶ, ಯಾಕೆ ಅಂತ ಕೇಳೋದೇ ಜಾಸ್ತಿ.

ನಾನು ಕ್ಲಾಸಿನಲ್ಲಿ ಹೇಳಿಸೋ ಪದ್ಯ ಇದು, ನಾನೇ ಕಟ್ಟಿದ್ದು:

ಸ್ಪಂಜಿನ ಮೈಯಲಿ ತೂತೇ ತೂತು
ನಂಜಿನ ಕುಟುಕಿನ ಲೋಳೆಗೆ ಸೋತು
ಚಪ್ಪಟೆ ಹುಳುವಿಗೆ ಒಂದೇ ಬಾಗಿಲು
ತಪ್ಪದೆ ದುಂಡಿಗೆ ಎರಡೂ ಬಾಗಿಲು
ಎರೆಹುಳ ಉಂಗುರ ತೊಟ್ಟಿದೆ ಸಾಲು
ಜಿರಲೆಗೆ ಕೀಲಿನ ಮಡಿಸುವ ಕಾಲು
ಮೆತ್ತನೆ ಬಸವನ ಹುಳುವಿಗೆ ಚಿಪ್ಪು
ಹತ್ತಿತು ಮುಳ್ಳಿನ ತಾರೆಗೆ ಉಪ್ಪು
ಬೆನ್ನಲಿ ಕೋಲಿದೆ ಮೀನಿಗೆ ಕಪ್ಪೆಗೆ
ಇನ್ನಿದೆ ಹಾವಿಗೆ ಹಕ್ಕಿಗೆ ನಮಗೆ

ನಾಲ್ಕು ನಾಲ್ಕು ಮಾತ್ರೆಗೆ ಒಂದು ಚಪ್ಪಾಳೆ ಹಾಕಿ ಹೇಳಿಸಿ, ಸಾಲಿಗೆ ನಾಲ್ಕು ಚಪ್ಪಾಳೆ ಸರಿಯಾಗಿ ಕೂರುತ್ತವೆ. ಮೊದಲ ಎಂಟು ಸಾಲು ಎಂಟು ವಂಶ, ಕೊನೆಯ ಎರಡು ಸಾಲು ಸೇರಿ ಬೆನ್ನುಮೂಳೆಯವು. ಆ ಎರಡು ಸಾಲಿನಲ್ಲೇ ಐದು ವರ್ಗಗಳೂ ಕ್ರಮವಾಗಿ ಬರುತ್ತವೆ, ನೋಡಿ.

ಪ್ರಾಸ ಸಾಲಿನ ಕೊನೆಯಲ್ಲಿ ಮಾತ್ರ ಇದ್ದರೆ ಸಾಲದು. ಕೊನೆಯ ಪ್ರಾಸ ನೆನಪಾಗೋದು ಸಾಲು ಮುಗಿಯುವಾಗ, ಮಗು ಸಿಕ್ಕಿಹಾಕಿಕೊಳ್ಳೋದು ಸಾಲು ಶುರು ಮಾಡುವಾಗ. ಅದಕ್ಕೇ ಎರಡನೇ ಅಕ್ಷರದಲ್ಲೂ ಪ್ರಾಸ ಇಟ್ಟಿದ್ದೇನೆ, ಸ್ಪಂಜಿ-ನಂಜಿ, ಚಪ್ಪ-ತಪ್ಪ, ಎರೆ-ಜಿರ, ಮೆತ್ತ-ಹತ್ತಿ. ಎರೆಹುಳ ಅಂದ ತಕ್ಷಣ ಜಿರಲೆ ನಾಲಿಗೆಗೆ ಬರುತ್ತದೆ, ಅಲ್ಲಿಗೆ ಆ ‘ಅ-ಆ’ ಗೊಂದಲ ಹೋಯಿತು.

ಕೋಚಿಂಗ್ ತಮ್ಮ ಹೇಳಿದ ವಿಕಾಸದ ಮಾತು ಮಾತ್ರ ಉತ್ತರ ಪತ್ರಿಕೆಯಲ್ಲಿ ಬರೆಯಬೇಡಿ. ಲೋಳೆ ಮೀನಿನಿಂದ ಹುಳು ಬರಲಿಲ್ಲ. ಶಾಲೆಯ ಕ್ರಮ ಅಂದರೆ ದೇಹದ ಕಟ್ಟಡ ಎಷ್ಟು ಜಟಿಲ ಅನ್ನೋ ಲೆಕ್ಕ ಅಷ್ಟೇ. ಜೀನ್ ಹೋಲಿಸಿ ನೋಡಿದವರು 1997ರಲ್ಲೇ ದುಂಡು ಹುಳುವನ್ನೂ ಜಿರಲೆಯ ಬಳಗವನ್ನೂ ಒಂದೇ ಗುಂಪಿಗೆ ಹಾಕಿದರು, ಎರಡೂ ಬೆಳೆಯುವಾಗ ಮೈಮೇಲಿನ ಹೊದಿಕೆ ಕಳಚುತ್ತವೆ ಅಂತ. ಎರೆಹುಳು ಬಸವನಹುಳುವಿಗೆ ಹತ್ತಿರವಾಯಿತು. ಟೆಸ್ಟಿಗೆ ಇದು ಬೇಡ.

ಕೋಚಿಂಗ್ ಹುಡುಗ: ಓಕೆ ಮೇಡಂ, ಆದರೆ ಮೂರನೇ ಸಾಲು ತಪ್ಪಲ್ವಾ? ಲಾಡಿಹುಳುವಿಗೆ ಒಂದು ಬಾಗಿಲೂ ಇಲ್ಲ. ಬಾಯಿಯೇ ಇಲ್ಲ, ನಮ್ಮ ಕರುಳಿನಲ್ಲಿ ಕೂತು ಮೈಯಿಂದಲೇ ಹೀರಿಕೊಳ್ಳುತ್ತದೆ.

ವಿಜ್ಞಾನದ ಟೀಚರ್: ಆ ಮಾತು ಸರಿ. ಸಾಲಿಗೆ ಸರಿಹೋಗೋದು ಪ್ಲನೇರಿಯಾ, ಯಕೃತ್ತಿನ ಹುಳು. ಅವಕ್ಕೆ ತಿನ್ನೋದಕ್ಕೂ ಹೊರಹಾಕೋದಕ್ಕೂ ಒಂದೇ ಬಾಯಿ. ಲೋಳೆ ಮೀನಿಗೂ ಒಂದೇ ಬಾಗಿಲು, ಪದ್ಯ ಅದನ್ನೂ ಹೇಳಲ್ಲ. ಹತ್ತು ಸಾಲಿನಲ್ಲಿ ಇಷ್ಟೇ ಹಿಡಿಸೋದು. ಲಾಡಿಹುಳುವಿನ ವಿಷಯ ಪುಸ್ತಕದಲ್ಲೇ ಆ ಸಾಲಿನ ಪಕ್ಕ ಬರೆದಿಡಲಿ.

ಮಂಡ್ಯದ ಅಪ್ಪ: ನಮ್ಮ ಹುಡುಗನಿಗೂ ಇಂಥದ್ದೇ ಪದ್ಯ ಕಲಿಸಿದ್ದರು, ಹಾಡೋಕೆ ಚೆನ್ನಾಗಿ ಬರುತ್ತಿತ್ತು. ಆದರೆ ಪೇಪರಿನಲ್ಲಿ ‘ಜೇಡ ಯಾವ ವಂಶ’ ಅಂದರೆ ‘ಜಿರಲೆ ವಂಶ’ ಅಂತ ಬರೆದು ಬಂದ. ಮಾರ್ಕ್ಸ್ ಸೊನ್ನೆ. ಪದ್ಯದಲ್ಲಿ ಪ್ರಾಣಿ ಇದೆ, ವಂಶದ ಹೆಸರೇ ಇಲ್ವಲ್ಲ!

ವಿಜ್ಞಾನದ ಟೀಚರ್: ಹೌದು, ಇಂಥ ಪದ್ಯಗಳ ದೊಡ್ಡ ಕೊರತೆ ಅದೇ. ಹೆಸರನ್ನು ಪದ್ಯಕ್ಕೇ ತುರುಕಿದರೆ ತಾಳ ಕೆಡುತ್ತದೆ, ಪ್ಲಾಟಿಹೆಲ್ಮಿಂಥಿಸ್ ಅನ್ನೋದನ್ನು ಯಾವ ಮಾತ್ರೆಗೆ ಕೂರಿಸ್ತೀರಿ? ಅದಕ್ಕೆ ಸಾಲಿನ ಎದುರು ಹೆಸರು ಬರೆಯೋದು ಬೇರೆ ಅಭ್ಯಾಸವಾಗಿ ಆಗಬೇಕು. ಕನ್ನಡ ಮಾಧ್ಯಮದವರಿಗೆ ಇದು ಅಷ್ಟು ಕಷ್ಟ ಅಲ್ಲ. ಉಂಗುರದ ಸಾಲಿಗೆ ವಲಯವಂತ, ಕೀಲಿನ ಕಾಲಿಗೆ ಸಂಧಿಪದಿ, ಮೆತ್ತನೆ ಮೈಗೆ ಮೃದ್ವಂಗಿ, ಮುಳ್ಳಿಗೆ ಕಂಟಕಚರ್ಮಿ. ಪದ್ಯದ ಗುರುತೇ ಹೆಸರಿನಲ್ಲಿ ಕೂತಿದೆ.

ಹಾಸನದ ಅಮ್ಮ ಹೀಗೆ ಮಾಡಿ. ಇವತ್ತು ಪದ್ಯ ಮಾತ್ರ, ನೋಡದೆ ಹೇಳುವವರೆಗೆ. ನಾಳೆ ಒಂದು ಹಾಳೆಯನ್ನು ಮೂರು ಕಾಲಂ ಮಾಡಿ, ಎಡಕ್ಕೆ ಪದ್ಯದ ಸಾಲಿನ ಮೊದಲ ಪದ, ನಡುವೆ ವಂಶದ ಹೆಸರು, ಬಲಕ್ಕೆ ಪದ್ಯದಲ್ಲಿ ಇಲ್ಲದ ಎರಡು ಪ್ರಾಣಿ. ಎರೆಹುಳು, ವಲಯವಂತ, ಜಿಗಣೆ ಮತ್ತು ನೀರಿಸ್. ಜಿರಲೆ, ಸಂಧಿಪದಿ, ಜೇಡ ಮತ್ತು ಏಡಿ. ಆಮೇಲೆ ನಡುವಿನಿಂದ ಕೇಳಿ. ‘ಮುಳ್ಳಿನ ತಾರೆಯ ಹಿಂದಿನ ಸಾಲು ಯಾವುದು?’ ಮೊದಲಿನಿಂದ ಗುನುಗಿಕೊಂಡು ಬಂದೇ ಹೇಳುತ್ತಾಳೆ ಅಂದರೆ ಇನ್ನೂ ಹಿಡಿತ ಬಂದಿಲ್ಲ, ಟೆಸ್ಟಿನಲ್ಲಿ ಪ್ರತಿ ಪ್ರಶ್ನೆಗೂ ಸ್ಪಂಜಿನಿಂದ ಶುರು ಮಾಡಿದರೆ ಟೈಮ್ ಸಾಲಲ್ಲ.

ಒಂದು ಪ್ರಶ್ನೆ ಮಾಡಿ ತೋರಿಸುತ್ತೇನೆ. ‘ಜಂತುಹುಳು ಮತ್ತು ಜಿಗಣೆ ಒಂದೇ ವಂಶವೇ? ಕಾರಣ ಕೊಡಿ.’ ಎರಡೂ ಉದ್ದಕ್ಕಿವೆ, ಎರಡಕ್ಕೂ ಕಾಲಿಲ್ಲ, ಮಗು ಹೌದು ಅಂದುಬಿಡುತ್ತದೆ. ಪದ್ಯಕ್ಕೆ ಹೋಗಿ. ಚಪ್ಪಟೆ ಸಾಲಾ? ಜಂತುಹುಳು ಚಪ್ಪಟೆ ಅಲ್ಲ, ದಾರದ ಹಾಗೆ ದುಂಡು, ಎರಡು ತುದಿ ಚೂಪು. ಬಾಗಿಲು ಎರಡು. ನಾಲ್ಕನೇ ಸಾಲು. ಜಿಗಣೆ ನೋಡೋದಕ್ಕೆ ಚಪ್ಪಟೆಯೇ, ಮೂರನೇ ಸಾಲು ಅನ್ನಿಸುತ್ತದೆ. ಆದರೆ ಮೈಮೇಲೆ ಅಡ್ಡ ಉಂಗುರಗಳಿವೆ, ಬಾಗಿಲೂ ಎರಡಿದೆ. ಐದನೇ ಸಾಲು. ಒಂದು ಸಾಲಿನಲ್ಲಿ ಬಂದ ಬಾಗಿಲು ಮುಂದಿನ ಸಾಲುಗಳಿಗೂ ಸಾಮಾನ್ಯವಾಗಿ ಉಳಿಯುತ್ತದೆ, ಅದಕ್ಕೇ ಕೆಳಗಿನಿಂದ ಮೇಲಕ್ಕೆ ಹುಡುಕಿ ಅನ್ನುತ್ತೇನೆ. ಕೋಲು ಇದೆಯಾ, ಮುಳ್ಳು ಇದೆಯಾ, ಚಿಪ್ಪು, ಕೀಲು, ಉಂಗುರ. ಮೊದಲು ಹೌದು ಅಂದ ಕಡೆ ನಿಲ್ಲಿ.

ಮಲ್ಪೆಯವನು: ಟೀಚರ್, ಹಾಗೆ ಹುಡುಕಿದರೆ ಬೊಂಡಾಸ್, ಅಂದರೆ ಸ್ಕ್ವಿಡ್, ಎಲ್ಲಿ ಸಿಗುತ್ತದೆ? ಹೊರಗೆ ಚಿಪ್ಪಿಲ್ಲ. ನಮ್ಮಲ್ಲಿ ಅದನ್ನು ಕ್ಲೀನ್ ಮಾಡುವಾಗ ಬೆನ್ನಿನ ಒಳಗಿಂದ ಪ್ಲಾಸ್ಟಿಕ್ ಪಟ್ಟಿ ಥರ, ಪಾರದರ್ಶಕವಾಗಿರೋದು ಒಂದು ಎಳೆದು ತೆಗೀತೇವೆ. ಮಕ್ಕಳು ಅದನ್ನು ನೋಡಿ ಬೆನ್ನಲಿ ಕೋಲಿದೆ ಅಂದುಬಿಡ್ತಾರೆ ಅಲ್ವಾ? ಮರುವಾಯಿ ಆದರೆ ಸರಿ, ಚಿಪ್ಪು ಕಾಣುತ್ತದೆ. ಮತ್ತೆ ಬಲೆಗೆ ಸಿಗೋ ನಕ್ಷತ್ರ ಮೀನನ್ನು ಅಡಿ ಮೇಲು ಮಾಡಿ ನೋಡಿ, ಒಂದೊಂದು ತೋಳಿನ ಉದ್ದಕ್ಕೂ ಗೀರಿನ ಒಳಗೆ ಸಣ್ಣ ಸಣ್ಣ ಕೊಳವೆ ಕಾಲು ಆಡ್ತಾ ಇರುತ್ತವೆ, ಸರಿಯಾಗಿ ನಡುವೆ ಬಾಯಿ. ಹೆಸರಿಗೆ ಮೀನು ಅಷ್ಟೇ.

ವಿಜ್ಞಾನದ ಟೀಚರ್: ಬೊಂಡಾಸ್ ಒಳಗಿನ ಪಟ್ಟಿ ಮೂಳೆ ಅಲ್ಲ, ಹಳೆಯ ಚಿಪ್ಪಿನ ಉಳಿಕೆ. ಹಾಗಾಗಿ ಏಳನೇ ಸಾಲು, ಮೃದ್ವಂಗಿ. ಅಷ್ಟಪಾದಿಗೆ ಅದೂ ಬಹುತೇಕ ಇಲ್ಲ. ಅಲ್ಲಿ ‘ಮೆತ್ತನೆ’ ಅನ್ನೋ ಪದವೇ ಗತಿ. ಕೊಳವೆ ಕಾಲಿನ ಮಾತು ಒಳ್ಳೇದು ಹೇಳಿದಿರಿ, ಬೇರೆ ವಂಶಕ್ಕಿಲ್ಲದ ನೀರಿನ ನಾಳದ ವ್ಯವಸ್ಥೆ ಅದು. ಎಂಟನೇ ಸಾಲಿನ ‘ಉಪ್ಪು’ ಯಾಕೆ ಅಂದರೆ ಮುಳ್ಳುಚರ್ಮದವು ಎಲ್ಲವೂ ಸಮುದ್ರದವೇ, ಕೆರೆ ಹೊಳೆಯಲ್ಲಿ ಒಂದೂ ಇಲ್ಲ. ಸರಿ ತಪ್ಪು ಪ್ರಶ್ನೆಗೆ ಅದು ಬರುತ್ತಿರುತ್ತದೆ.

ಪಿಯುಸಿ ಹುಡುಗಿ: ಮೇಡಂ ನನಗೆ ಫಸ್ಟ್ ಪಿಯುಸಿ, ನಮಗೆ ಹನ್ನೊಂದು ವಂಶ. ಟೀನೊಫೊರಾ ಮತ್ತು ಹೆಮಿಕಾರ್ಡೇಟಾ ನಿಮ್ಮ ಪದ್ಯದಲ್ಲಿ ಇಲ್ಲ. ನನಗೂ ಟೆಸ್ಟ್ ಹತ್ತಿರ ಬಂದಿದೆ, ಪ್ಲೀಸ್.

ವಿಜ್ಞಾನದ ಟೀಚರ್: ಟೀನೊಫೊರಾ ನಂಜಿನ ಲೋಳೆಯ ಸಾಲು ಮುಗಿದ ಮೇಲೆ ಬರಬೇಕು. ಅಲ್ಲಿ ಈ ಎರಡು ಸಾಲು ಸೇರಿಸಿಕೊಳ್ಳಿ:

ಎಂಟೇ ಬಾಚಣಿ ಸಾಲಿನ ಲೋಳೆ
ಅಂಟಿಸಿ ಹಿಡಿವುದು ಕುಟುಕದು ಕೇಳೆ

ಮೈಮೇಲೆ ಬಾಚಣಿಗೆ ಹಲ್ಲಿನಂಥ ಎಂಟು ಸಾಲು, ಈಜೋದು ಅದರಿಂದಲೇ. ಬೇಟೆ ಹಿಡಿಯೋದು ಅಂಟು ಕಣದಿಂದ. ಹೆಮಿಕಾರ್ಡೇಟಾಕ್ಕೆ ನನ್ನ ಹತ್ತಿರ ಪದ್ಯ ಇಲ್ಲ. ಜಾಗ ಮಾತ್ರ ಗೊತ್ತು, ಉಪ್ಪಿನ ಸಾಲು ಆದ ಮೇಲೆ, ಕೋಲಿನ ಸಾಲಿಗೆ ಮುಂಚೆ. ಆ ವಂಶದ ಪ್ರಾಣಿ ಬಾಲನೊಗ್ಲಾಸಸ್, ಆ ಹೆಸರು ಯಾವ ತಾಳಕ್ಕೂ ಬಗ್ಗುತ್ತಿಲ್ಲ.

ಹಾಸನದ ಅಮ್ಮ: ಮಗಳು ಅಡುಗೆಮನೆಯಲ್ಲಿ ಚಪ್ಪಾಳೆ ಹಾಕಿಕೊಂಡು ಶುರು ಮಾಡಿದ್ದಾಳೆ ಟೀಚರ್. ಎರೆ-ಜಿರಲೆ ಸಾಲು ಗಟ್ಟಿಯಾಯಿತು. ಆದರೆ ‘ಒಂದೇ ಬಾಗಿಲು, ಎರಡೂ ಬಾಗಿಲು’ ಮಾತ್ರ ಉಲ್ಟಾ ಹೇಳುತ್ತಿದ್ದಾಳೆ, ಎರಡೂ ಸಾಲು ಒಂದೇ ಪದದಲ್ಲಿ ಮುಗಿಯುತ್ತದೆ ಅಂತ ಕಾಣುತ್ತದೆ.

ಮಂಡ್ಯದ ಅಪ್ಪ: ಚಪ್ಪಟೆ ಅನ್ನುವಾಗ ಒಂದು ಕೈ ಹಾಳೆ ಥರ ಚಾಚಲಿ, ದುಂಡಿಗೆ ಅನ್ನುವಾಗ ಎರಡೂ ಮುಷ್ಟಿ ಹಿಡಿಯಲಿ. ಒಂದು ಕೈ ಅಂದರೆ ಒಂದು ಬಾಗಿಲು.

ಪಿಯುಸಿ ಹುಡುಗಿ: ಹೆಮಿಕಾರ್ಡೇಟಾಕ್ಕೆ ನಾನೇ ಟ್ರೈ ಮಾಡಿದೆ, ‘ಸೊಂಡಿಲ ಹುಳುವಿದು ಕೆಸರಲಿ ಕೊರೆದು’ ಅಂತ. ಎರಡನೇ ಸಾಲಿಗೆ ‘ಂಡಿ’ ಪ್ರಾಸದಲ್ಲಿ ಏನಾದರೂ ಇದ್ದರೆ ಹೇಳಿ, ‘ಗುಂಡಿ’ ಬಿಟ್ಟು ಏನೂ ಹೊಳೆಯುತ್ತಿಲ್ಲ.